ಎರಡು ರೂಪಾಯಿ ಬಾಕಿ

ಮಕ್ಕಳನ್ನು ಮೊದಲ ಸಲ ಒಬ್ಬರನ್ನೇ ಬಸ್ಸು ಹತ್ತಿಸುವಾಗ ಹಿರಿಯರು ಹೇಳುವ ಬುದ್ಧಿಮಾತುಗಳಲ್ಲಿ ಹೆಚ್ಚಿನವು ಬಸ್ಸಿನೊಳಗೆ ಉಪಯೋಗಕ್ಕೆ ಬರುವುದಿಲ್ಲ. ಕಿಟಕಿಯಾಚೆ ಕೈ ಹಾಕಬೇಡ ಎನ್ನುತ್ತಾರೆ. ಕಿಟಕಿಯ ಸೀಟು ಸಿಕ್ಕಿದ್ದರಲ್ಲವೇ? ಯಾರಾದರೂ ತಿಂಡಿ ಕೊಟ್ಟರೆ ತಿನ್ನಬೇಡ ಎನ್ನುತ್ತಾರೆ, ಯಾರೂ ಕೊಡುವುದಿಲ್ಲ. ನಿದ್ದೆ ಮಾಡಬೇಡ ಎನ್ನುವುದೊಂದೇ ಕೆಲಸದ ಮಾತು. ಆದರೆ ನಿದ್ದೆ ಹೇಳಿದ ಮಾತು ಕೇಳುವ ಜಾತಿಯದ್ದಲ್ಲ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅರವತ್ತು ಚಿಲ್ಲರೆ ಕಿಲೋಮೀಟರು. ಗಾಜನೂರು, ಸಕ್ರೆಬೈಲು ದಾಟಿ ಕಾಡು ಶುರುವಾಯಿತೆಂದರೆ ತಿರುವುಗಳೂ ಶುರು. ಆಮೇಲೆ ಮಕ್ಕಳಿಗಿರುವುದು ಎರಡೇ ದಾರಿ: ವಾಂತಿ, ಇಲ್ಲವೇ ನಿದ್ದೆ. ನಾನು ಮೊದಲ ಸಲ ಒಬ್ಬನೇ ಹೊರಟಾಗ ವಾಂತಿಗೆ ಅಮ್ಮ ಮೂಸಲು ನಿಂಬೆಹಣ್ಣು ಕೊಟ್ಟಿದ್ದಳು. ನಿದ್ದೆಗೆ ಅವಳ ಬಳಿ ಮದ್ದಿರಲಿಲ್ಲ. ಅದನ್ನು ಕೊಟ್ಟವರು ಕಂಡಕ್ಟರು.

ಅಮ್ಮಮ್ಮನ ಊರು ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆಯಲ್ಲಿ, ಮೇಗರವಳ್ಳಿಗಿಂತ ಮೊದಲು. ಅಲ್ಲಿ ಬೋರ್ಡಿಲ್ಲ, ಒಂದು ಅರಳಿಕಟ್ಟೆ, ಒಂದು ಗೂಡಂಗಡಿ. "ಇವನನ್ನ ಅರಳಿಕಟ್ಟೆ ಹತ್ರ ಇಳಿಸಿಬಿಡಿ ಮಾರಾಯ್ರೆ" ಎಂದು ಅಮ್ಮ ಕಂಡಕ್ಟರಿಗೆ ಒಪ್ಪಿಸಿದಳು. ಅವರು ತಲೆಯಾಡಿಸಿದ ರೀತಿ ನೋಡಿದರೆ, ಬಸ್ಸಿನ ಮೇಲಿದ್ದ ಬಾಳೆಗೊನೆಯ ವಿಷಯಕ್ಕೂ ಹಾಗೆಯೇ ತಲೆಯಾಡಿಸಿರಬೇಕು ಅನಿಸಿತು.

ಆಗ ಟಿಕೆಟ್ ಕೊಡುವ ಯಂತ್ರ ಬಂದಿರಲಿಲ್ಲ. ಕಂಡಕ್ಟರ ಕೈಯಲ್ಲಿ ಬೇರೆ ಬೇರೆ ಬೆಲೆಯ, ಬೇರೆ ಬೇರೆ ಬಣ್ಣದ ಟಿಕೆಟ್ ಕಟ್ಟುಗಳು. ದರ ಕೂಡಿಬರುವಷ್ಟು ಚೀಟಿ ಹರಿದು, ತೂತು ಹೊಡೆದು ಕೊಡುತ್ತಿದ್ದರು. ಹನ್ನೆರಡು ತುಂಬದ ನನಗೆ ಅರ್ಧ ಟಿಕೆಟ್. "ಇವನಿಗೆ ಅರ್ಧವೇ?" ಎಂದು ಪಕ್ಕದ ಹೆಂಗಸು ನನ್ನ ಕಾಲಿನ ಉದ್ದ ನೋಡಿದರು. ನಾನು ಕಾಲು ಮಡಚಿಕೊಂಡೆ. ಚಿಲ್ಲರೆ ಕೊಡುವ ಸರದಿ ಬಂದಾಗ ಕಂಡಕ್ಟರು ಕಿವಿಯ ಮೇಲಿನ ಪೆನ್ನು ತೆಗೆದು, ಟಿಕೆಟ್ಟಿನ ಬೆನ್ನಿಗೆ '2' ಎಂದು ಬರೆದು, "ಇಳಿಯುವಾಗ ಇಸ್ಕೋ" ಎಂದು ಮುಂದೆ ಹೋದರು.

ಅಲ್ಲಿಗೆ ನನ್ನ ನಿದ್ದೆ ಹೋಯಿತು. ಸಾಲ ಮಾಡಿದವನಿಗೆ ನಿದ್ದೆ ಬರುವುದಿಲ್ಲ ಎನ್ನುವವರು ಸಾಲ ಕೊಟ್ಟ ಹುಡುಗನನ್ನು ನೋಡಿಲ್ಲ. ಸಕ್ರೆಬೈಲಿನಲ್ಲಿ ಆನೆಗಳು ಹೊಳೆಯಲ್ಲಿ ಮೀಯುತ್ತಿವೆಯೆಂದು ಬಸ್ಸೆಲ್ಲ ಒಂದು ಪಕ್ಕಕ್ಕೆ ವಾಲಿದರೂ ನಾನು ಕಂಡಕ್ಟರ ಮೇಲಿನ ಕಣ್ಣು ತೆಗೆಯಲಿಲ್ಲ. ಮಂಡಗದ್ದೆಯಲ್ಲಿ ಅವರು ಇಳಿದು ಚಹಾ ಕುಡಿದರೆ ನನಗೆ ಎದೆ ಢವಢವ. ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಂತೂ ಅವರು ಹತ್ತು ನಿಮಿಷ ಕಾಣೆಯಾದರು. ಹೋದ ಕಡೆಗೇ ನೋಡುತ್ತ ಕೂತೆ. ಟಿಕೆಟ್ಟು ಬೆವರಿಗೆ ಒದ್ದೆಯಾಗಿ '2' ಎನ್ನುವುದು ಅಳಿಸುತ್ತಿತ್ತು. ಪೆನ್ನಿದ್ದಿದ್ದರೆ ತಿದ್ದುತ್ತಿದ್ದೆ, ತಿದ್ದುವಾಗ ಎಷ್ಟು ಬರೆಯುತ್ತಿದ್ದೆನೋ, ಅದು ಬೇರೆ ಮಾತು.

ಕುಶಾವತಿ ದಾಟಿದ ಮೇಲೆ ಊರಿಗೆ ಇನ್ನೂ ದೂರವಿದ್ದಾಗಲೇ ಎದ್ದು ಬಾಗಿಲ ಬಳಿ ನಿಂತೆ. "ಹೋಲ್ಡಾನ್!" ಎಂದರು ಕಂಡಕ್ಟರು. ಅರಳಿಕಟ್ಟೆ. ಟಿಕೆಟ್ಟಿನ ಬೆನ್ನು ತೋರಿಸಿದೆ. ಇಳಿಯುವವರಲ್ಲಿ ಕೊಡೆ ಹಿಡಿದ ಅಜ್ಜರೊಬ್ಬರಿಗೆ ಮೂರು ರೂಪಾಯಿ ಬಾಕಿಯಿತ್ತು. ಕಂಡಕ್ಟರು ಐದರ ಒಂದೇ ನೋಟನ್ನು ಅಜ್ಜರ ಕೈಗಿಟ್ಟು, "ಇಬ್ಬರೂ ಹಂಚ್ಕೊಳ್ಳಿ" ಎಂದು ಸೀಟಿ ಊದಿಬಿಟ್ಟರು. ಬಸ್ಸು ಹೋಯಿತು. ಹಾಗೆ, ಒಬ್ಬನೇ ಮಾಡಿದ ಪ್ರಯಾಣದ ಕೊನೆಗೆ ನನಗೊಬ್ಬರು ಪಾಲುದಾರರು ಸಿಕ್ಕಿದರು.

"ಯಾರ ಮನೆಗಾ?" ಎಂದರು ಅಜ್ಜ. ಹೇಳಿದೆ. "ಓ, ಅವಳ ಮೊಮ್ಮಗನೋ! ಹಾಗಾದ್ರೆ ನಾಳೆ ಕೊಟ್ಟರಾಯ್ತು." ನಾನು ಒಪ್ಪಲಿಲ್ಲ. ಅಜ್ಜ ನಗುತ್ತ ಗೂಡಂಗಡಿಗೆ ನಡೆದರು. ಅಂಗಡಿಯಲ್ಲಿ ಸುಮ್ಮನೆ ಚಿಲ್ಲರೆ ಕೊಡುವ ಪದ್ಧತಿ ಇರಲಿಲ್ಲ. ಅಜ್ಜ ಒಂದು ರೂಪಾಯಿಯ ಎಲೆ, ತಂಬಾಕು ತಗೊಂಡರು. ಎರಡರ ಎರಡು ನೋಟು ವಾಪಸು ಬಂತು. ನನಗೊಂದು, ಅವರಿಗೊಂದು. ಲೆಕ್ಕ ಚುಕ್ತಾ. ಕವಳ ಹಾಕಿಕೊಂಡು ಅವರೇ ಮನೆಯ ದಣಪೆಯವರೆಗೆ ತಂದು ಬಿಟ್ಟರು. ಅಮ್ಮಮ್ಮ ನನ್ನನ್ನು ಬಿಟ್ಟು ಮೊದಲು ಅವರಿಗೆ ಆಸರಿಗೆ ಕೇಳಿದಳು.

2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು, ನನ್ನ ಮಗಳಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಕೊಡುವುದೂ ಇಲ್ಲ, ಬರಬೇಕಾದ್ದೂ ಇಲ್ಲ. ಮೊದಲ ಸಲ ಒಬ್ಬಳೇ ಹೊರಟವಳು ಹಾಯಾಗಿ ನಿದ್ದೆ ಹೋಗಿ, ಇಳಿಯಬೇಕಾದ ಕಡೆ ಇಳಿಯದೆ ಮೇಗರವಳ್ಳಿಯಿಂದ ಫೋನು ಮಾಡಿದಳು. ಆದ್ದರಿಂದ ಮಗನನ್ನು ಕಳಿಸುವವರಿಗೆ ನನ್ನದೊಂದು ಸಲಹೆ: ಸರಿಯಾದ ಚಿಲ್ಲರೆ ಕೊಟ್ಟು ಕಳಿಸಬೇಡಿ, ದೊಡ್ಡ ನೋಟು ಕೊಡಿ. ಮಗಳಾದರೆ ಕಂಡಕ್ಟರ ಬಳಿ ಗುಟ್ಟಾಗಿ ಎರಡು ರೂಪಾಯಿ ಕೊಟ್ಟು, ಬಾಕಿ ಬರೆಸಿ.