ಎರಡು ದಿನದ ತಡ, ಮೂವತ್ತೊಂದು ದಿನದ ದಂಡ

ಮಾನ್ಯ ಶಾಖಾ ವ್ಯವಸ್ಥಾಪಕರಿಗೆ,

ದೊಡ್ಡಬಳ್ಳಾಪುರದಲ್ಲಿ ಎರಡು ಪವರ್‌ಲೂಮ್ ಇಟ್ಟುಕೊಂಡವನ ನಮಸ್ಕಾರಗಳು. ನಿಮ್ಮ ಶಾಖೆಯ ಹೆಸರು ಬರೆದಿಲ್ಲ. ಓದಿದ ಕೂಡಲೇ ನಿಮಗೇ ಗೊತ್ತಾಗುತ್ತದೆ.

ಮಗ್ಗದ ಸಾಲದ ಕಂತು 8,640 ರೂಪಾಯಿ, ಗಡುವು ಪ್ರತಿ ತಿಂಗಳ 10. 2024ರ ಆಗಸ್ಟ್‌ನಲ್ಲಿ ಆ ದಿನ ಎರಡನೇ ಶನಿವಾರ ಬಿತ್ತು. ಹೀಗಾದೀತೆಂದೇ ನಾನು ಹಿಂದಿನ ದಿನ, ನಾಗರ ಪಂಚಮಿಯಂದು, ಹುತ್ತಕ್ಕೆ ಹಾಲೆರೆದು ನೇರವಾಗಿ ನಿಮ್ಮ ಕೌಂಟರ್‌ಗೆ ಬಂದು ಉಳಿತಾಯ ಖಾತೆಗೆ ಹಣ ಕಟ್ಟಿದೆ. ನಾಗಪ್ಪ ಹಾಲನ್ನು ಅಂದೇ ಸ್ವೀಕರಿಸಿದ. ನಿಮ್ಮ ಸಿಸ್ಟಂ ಮಾತ್ರ ಶನಿವಾರ, ಭಾನುವಾರ ಮಲಗಿ, 12ರ ಸೋಮವಾರ ಎದ್ದು ಕಂತು ಎಳೆದುಕೊಂಡಿತು. ಮಲಗಿದ್ದು ಅದು, ದಂಡ ನನಗೆ: ತಿಂಗಳ ಕೊನೆಗೆ ಸ್ಟೇಟ್‌ಮೆಂಟ್‌ನಲ್ಲಿ ‘ಪೀನಲ್ ಇಂಟರೆಸ್ಟ್ 367’.

ಮೊತ್ತ ಎಲ್ಲಿಂದ ಬಂತೆಂದು ಕೂತು ಲೆಕ್ಕ ಹಾಕಿದೆ. ತಡವಾದ ಕಂತಿನ ಮೇಲೆ ವರ್ಷಕ್ಕೆ ಶೇ 2ರಂತೆ ಎರಡು ದಿನಕ್ಕೆ 95 ಪೈಸೆಯಾಗುತ್ತದೆ. ಬಾಕಿ ಇರುವ ಪೂರ್ತಿ ಸಾಲ 2,16,000ಕ್ಕೆ 31 ದಿನ ಹಾಕಿದರೆ ಸರಿಯಾಗಿ ನಿಮ್ಮ 367. ಸೀರೆಯಲ್ಲಿ ಒಂದು ಎಳೆ ಕಡಿದರೆ ನಾವು ಅಲ್ಲೇ ಗಂಟು ಹಾಕುತ್ತೇವೆ. ನೀವು ವಾರ್ಪನ್ನೇ ಜಪ್ತಿ ಮಾಡಿದ್ದೀರಿ.

ಇನ್ನು ಹೆಸರಿನ ವಿಷಯ. ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬೇಡಿ, ‘ದಂಡ ಶುಲ್ಕ’ವೆಂದು ಬೇರೆಯಾಗಿ, ತಪ್ಪಿಗೆ ತಕ್ಕಷ್ಟೇ ಹಾಕಿ, ಅದರ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕಬೇಡಿ ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದೇ ಸುತ್ತೋಲೆ ಕಳಿಸಿದೆ. ಹಳೆಯ ಸಾಲಗಳೂ 2024ರ ಜೂನ್ 30ರೊಳಗೆ ಈ ಪದ್ಧತಿಗೆ ಬರಬೇಕಿತ್ತು. ಮುಂಬೈಯಿಂದ ಹೊರಟ ಆ ಕಾಗದ ಯಲಹಂಕದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರಬೇಕು.

ಅಷ್ಟರಲ್ಲಿ ಈ 367 ಸಾಲದ ಬಾಕಿಗೆ ಸೇರಿ, ಶೇ 11ರಂತೆ ಸೆಪ್ಟೆಂಬರ್‌ನಲ್ಲಿ 3 ರೂಪಾಯಿ 32 ಪೈಸೆಯ ಮರಿಯನ್ನೂ ಹಾಕಿದೆ. ಆದ್ದರಿಂದ ‘ಇವತ್ತು 367 ಜಮಾ ಮಾಡಿಬಿಡ್ತೀನಿ ಬಿಡಿ’ ಎಂದರೆ ಸಾಲದು. ತಾಯಿ ಹೋಗಿ ಮರಿ ಖಾತೆಯಲ್ಲೇ ಉಳಿಯುತ್ತದೆ. ಜಮಾವನ್ನು ಆಗಸ್ಟ್ 31ರ ವ್ಯಾಲ್ಯೂ ಡೇಟ್‌ಗೆ ಹಾಕಿ, ಅಲ್ಲಿಂದೀಚೆಗಿನ ಬಡ್ಡಿಯನ್ನು ಮರುಲೆಕ್ಕ ಮಾಡಿಸಿ. ಕಂತನ್ನೂ 10ನೇ ತಾರೀಕಿಗೇ ಪಾವತಿಯಾದಂತೆ ತೋರಿಸಿ.

‘ಸಿಸ್ಟಂ ಹಾಕಿದ್ದು, ನಮ್ಮ ಕೈಯಲ್ಲಿಲ್ಲ’ ಎನ್ನಬೇಡಿ ಸ್ವಾಮಿ. ಘಾಟಿ ಸುಬ್ರಹ್ಮಣ್ಯನೂ ಭಕ್ತರ ಅಹವಾಲಿಗೆ ಅಷ್ಟು ದೂರದವನಲ್ಲ.

9ನೇ ತಾರೀಕಿನ ಚಲನ್ ಪ್ರತಿ, ಎರಡೂ ಖಾತೆಗಳ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ನನ್ನ ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಡಿ. 30 ದಿನ ಕಾಯುತ್ತೇನೆ. ಆಮೇಲೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ cms.rbi.org.inನಲ್ಲಿ ದೂರು. ಆ ಮೂವತ್ತು ದಿನಕ್ಕೆ ನಾನು ದಂಡದ ಬಡ್ಡಿ ಹಾಕುವುದಿಲ್ಲ.

ಇಂತಿ,
ನಿಮ್ಮ ಸಾಲಗಾರ