ನವಿಲುನೀಲಿ ಮತ್ತು ಮಾವನ ಬಲಗಣ್ಣು

12 ವರ್ಷದಿಂದ ನಮ್ಮ ಹಾಲ್‌ಗೆ ಕೆನೆಬಣ್ಣ. ಒಗ್ಗರಣೆ ಕಾಣದ ಮೊಸರನ್ನದ ಹಾಗೆ ನಾಲ್ಕು ಗೋಡೆ. ಈ ಸಲ ಗೌರಿಹಬ್ಬಕ್ಕೆ ಮುಂಚೆ ಬಣ್ಣ ಹೊಡೆಸೋದು ಅಂತಾದಾಗ ನಾನು ಶೇಡ್ ಕಾರ್ಡನ್ನು ಬೀಸಣಿಗೆಯಂತೆ ಬಿಡಿಸಿಕೊಂಡು ಕೂತು, ಸೋಫಾ ಹಿಂದಿನ ಗೋಡೆಗೆ ನವಿಲುನೀಲಿ ಎಂದು ಘೋಷಿಸಿಬಿಟ್ಟೆ.

"ಏನಮ್ಮಾ, ಹಾಲ್‌ನಲ್ಲಿ ಕುರುಕ್ಷೇತ್ರ ನಾಟಕ ಆಡಿಸ್ತೀಯಾ?" ಅಂದರು ಮಾವ.

ಇವರನ್ನು ಕೇಳಿದೆ. "ನಿಮ್ಮಿಬ್ಬರಿಗೂ ಒಪ್ಪಿಗೆಯಾದ್ರೆ ನನ್ನದೇನಿದೆ?" ಮದುವೆಯಾದಾಗಿನಿಂದ ಎಲ್ಲ ಜಗಳಕ್ಕೂ ಇವರದು ಇದೊಂದೇ ಉತ್ತರ, ಹೇಳಿ ಪೇಪರ್ ಎತ್ತಿಕೊಳ್ಳುತ್ತಾರೆ.

ಪೇಂಟರ್ ಕೂಡ ಮಾವನ ಕಡೆ. ತಿಳಿಬಣ್ಣದ ಡಬ್ಬದಲ್ಲಿ ಬಿಳಿ ಪುಡಿ ಧಾರಾಳವಾಗಿರುತ್ತದಂತೆ, ಹಳೆಯದನ್ನು ಮುಚ್ಚುವುದೇ ಆ ಬಿಳಿ. ಗಾಢ ಬಣ್ಣಕ್ಕೆ ಅದು ಹೆಚ್ಚು ಬಿದ್ದರೆ ಬಣ್ಣ ಸಪ್ಪೆಯಾಗುವುದರಿಂದ ಕಮ್ಮಿ ಹಾಕಿರುತ್ತಾರೆ. ಅದಕ್ಕೇ ಎರಡು ಕೋಟ್‌ನಲ್ಲಿ ತೇಪೆ ತೇಪೆ ಕಾಣುತ್ತದೆ, ಮೂರು ಬೇಕೇ ಬೇಕು. "ಅಂಗಡಿಯವರು ಮಿಷನ್‌ಗೆ ಹಾಕಿ ಕಲಸಿದ ಮೇಲೆ ವಾಪಸ್ ತಗೊಳ್ಳಲ್ಲ ಮೇಡಂ, ಯೋಚನೆ ಮಾಡಿ." ಸರಿ, ಒಂದು ಪುಟ್ಟ ಸ್ಯಾಂಪಲ್ ಡಬ್ಬ ತಂದು ಚಾರ್ಟ್ ಪೇಪರ್‌ಗೆ ಎರಡು ಕೋಟ್ ಬಳಿದೆ. ಹಸಿಯಾಗಿದ್ದಾಗ ಇದ್ದ ಬಣ್ಣ ಒಣಗುವಷ್ಟರಲ್ಲಿ ಇನ್ನಷ್ಟು ಗಾಢವಾಗಿತ್ತು. ಗೋಡೆಗೆ ಅಂಟಿಸಿ ಮಾವನನ್ನು ಕರೆದೆ.

ಮಾವ ಬಂದರು. ನೋಡಿದರು. "ಅಯ್ಯಯ್ಯೋ, ಕಣ್ಣಿಗೆ ಹೊಡೀತಿದೆ" ಎಂದು ಬಲಗಣ್ಣು ಮುಚ್ಚಿಕೊಂಡರು. ಮುಚ್ಚಿಕೊಂಡವರು ಹಾಗೇ ನಿಂತರು. "ಈಗ ಪರವಾಗಿಲ್ಲ" ಅಂದರು. ಕೈ ತೆಗೆದು ಎಡಗಣ್ಣು ಮುಚ್ಚಿದರು: "ಥೂ." ಮತ್ತೆ ಬಲಗಣ್ಣು: "ಪರವಾಗಿಲ್ಲ." ಎಡ: "ಥೂ." ಒಂದು ಹೆಜ್ಜೆ ಹಿಂದೆ ಹೋಗಿ ಪರವಾಗಿಲ್ಲ, ಕಿಟಕಿ ಪರದೆ ಸರಿಸಿ ಥೂ, ಟ್ಯೂಬ್‌ಲೈಟ್ ಹಾಕಿಸಿ ಪರವಾಗಿಲ್ಲ, ಆರಿಸಿ ಥೂ. ಹೂ ಕೊಡಲು ಬಂದವಳು ಬಾಗಿಲಲ್ಲೇ ನಿಂತು, ಯಜಮಾನರು ಗೋಡೆಗೆ ಕಣ್ಣು ಹೊಡೆಯುವುದನ್ನು ನೋಡಿ, ಒಂದು ಮೊಳ ಜಾಸ್ತಿಯೇ ಅಳೆದು ಕೊಟ್ಟು ಹೊರಟುಹೋದಳು. ನಾನೂ ಬಿಡಲಿಲ್ಲ. ಚಾರ್ಟನ್ನು ಕಿತ್ತು ಊಟದ ಮೇಜಿನ ಹತ್ತಿರ ಹಿಡಿದೆ, ದೇವರಮನೆ ಬಾಗಿಲಲ್ಲಿ ಹಿಡಿದೆ, ಕೊನೆಗೆ ಪೇಪರ್ ಓದುತ್ತಿದ್ದ ಇವರ ತಲೆಯ ಹಿಂದೆ ಹಿಡಿದೆ. ಮಾವ ಎಲ್ಲೆಡೆ ಬಂದು, ಒಂದೊಂದೇ ಕಣ್ಣಿನಿಂದ, ಎರಡೆರಡು ತೀರ್ಪು ಕೊಟ್ಟರು. ಇವರು ಪುಟ ತಿರುಗಿಸಿದರು.

ಬಲಗಣ್ಣಿನ ಪೊರೆ ಆಪರೇಷನ್ ಆಗಿ ಒಂದೂವರೆ ತಿಂಗಳಾಗಿತ್ತು. ಮರುದಿನ ಚೆಕಪ್‌ಗೆ ಹೋದಾಗ ಡಾಕ್ಟರನ್ನು ಕೇಳಿದೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ನಿಧಾನವಾಗಿ ಆಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ತೆಗೆದು ಹೊಸದು ಹಾಕಿದರೆ ಇಷ್ಟು ವರ್ಷ ಹೊರಗೇ ನಿಂತಿದ್ದ ನೀಲಿಯೆಲ್ಲ ಒಮ್ಮೆಗೇ ಒಳಗೆ ನುಗ್ಗುತ್ತದೆ. ಅಂದರೆ ಮಾವ ಹಟ ಮಾಡುತ್ತಿರಲಿಲ್ಲ. ನಾನು ತೋರಿಸುತ್ತಿದ್ದದ್ದು ಒಂದು ಬಣ್ಣ, ಅವರು ನೋಡುತ್ತಿದ್ದದ್ದು ಎರಡು, ಎರಡೂ ನನ್ನದಲ್ಲ.

ಬರುವಾಗ ಆಟೋದಲ್ಲಿ ಮಾವ ಸುಮ್ಮನಿದ್ದರು. ಮನೆ ಹತ್ತಿರ ಬಂದಾಗ, "ನಿಮ್ಮತ್ತೆದು ಒಂದು ರೇಷ್ಮೆ ಸೀರೆ ಇತ್ತಲ್ಲ, ಷಷ್ಟ್ಯಬ್ದಿಗೆ ತಂದಿದ್ದು. ಅದು ಯಾವ ಬಣ್ಣ?" ಅಂದರು.

"ನೀಲಿ ಮಾವ."

"ಅವಳೂ ಹಾಗೇ ಅಂತಿದ್ದಳು. ಹಸಿರು ಅಂತ ನಾನು ಪ್ರತಿ ಹಬ್ಬಕ್ಕೂ ಜಗಳ ಆಡ್ತಿದ್ದೆ."

ನಾನು ಆಟೋದವನಿಗೆ ಚಿಲ್ಲರೆ ಹುಡುಕತೊಡಗಿದೆ.

ಆಮೇಲೆ ಒಪ್ಪಂದವಾಗಲು ಐದು ನಿಮಿಷ ಸಾಕಾಯಿತು. ಹಾಲ್‌ಗೆ ಕೆನೆಬಣ್ಣವೇ, ಅವರು ದಿನವಿಡೀ ಕೂರುವುದು ಅಲ್ಲೇ ತಾನೆ. ನವಿಲುನೀಲಿ ಮಾಳಿಗೆ ಮೆಟ್ಟಿಲ ಪಕ್ಕದ ಗೋಡೆಗೆ. ಮಂಡಿನೋವಿನವರು ಅತ್ತ ಬರುವುದಿಲ್ಲ. ಮೂರು ಕೋಟ್ ಕುಡಿದು ಗೋಡೆ ಚೆನ್ನಾಗಿಯೇ ಬಂದಿದೆ, ಕೈ ತಾಗಿದರೆ ಬಿಳೀ ಗೀರು ಬೀಳುತ್ತದೆ ಅನ್ನುವುದೊಂದು ಬಿಟ್ಟು. ಇವರು "ಚೆನ್ನಾಗಿದೆ" ಅಂದರು. ಹಾಲ್ ನೋಡಿಯೂ ಹಾಗೇ ಅಂದಿದ್ದರು.

ಮೊನ್ನೆ ಮಧ್ಯಾಹ್ನ ನಿದ್ದೆಯಿಂದ ಎದ್ದು ಬಂದರೆ ಮೆಟ್ಟಿಲ ಬುಡದಲ್ಲಿ ಮಾವ. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಬಲಗಣ್ಣಿನ ಮೇಲೆ. ಎಡಗಣ್ಣಿನ ಆಪರೇಷನ್ ಮುಂದಿನ ವಾರ.

"ಕಾಫಿ ಕೊಡಲಾ ಮಾವ?"

"ತಡಿಯಮ್ಮಾ," ಅಂದರು, ಕೈ ತೆಗೆಯದೆ. "ಇದರಲ್ಲಿ ಇನ್ನೂ ಹಸಿರೇ."