ಟ್ರಂಕು, ಜುಟ್ಟು ಮತ್ತು ನಾಲ್ಕು ಬೆರಳು

ನಮ್ಮ ಅವ್ವ ಹುಟ್ಟಿದ್ದು ಜೂನ್ 1ರಂದು. ಹಾಗಂತ ಅವ್ವ ಹೇಳುವುದಿಲ್ಲ, ಆಧಾರ್ ಕಾರ್ಡು ಹೇಳುತ್ತದೆ. ಅವ್ವನ ಪ್ರಕಾರ ಅವಳು ಹುಟ್ಟಿದ್ದು ಕಾರಹುಣ್ಣಿವೆಯ ಮಾರನೇ ದಿನ, ಎತ್ತಿನ ಕೊಂಬಿಗೆ ಹಚ್ಚಿದ ಬಣ್ಣ ಇನ್ನೂ ಹಸಿ ಇದ್ದಾಗ. ಶಾಲೆಗೆ ಸೇರಿಸುವ ದಿನ ಹೆಡ್ ಮಾಸ್ತರರು ಕಾರಹುಣ್ಣಿವೆಗೆ ತಾರೀಖು ಹುಡುಕುವ ಗೋಜಿಗೆ ಹೋಗದೆ ಜೂನ್ 1 ಎಂದು ಗೀಚಿದರು. ಅವರು ಹೀಗೆ ಒಂದೇ ಬೆಳಿಗ್ಗೆ ಎಷ್ಟು ಮಕ್ಕಳನ್ನು ಹುಟ್ಟಿಸಿದರೋ! ನಮ್ಮ ಕಡೆಯ ಆ ವಯಸ್ಸಿನವರಲ್ಲಿ ಅರ್ಧ ಊರೇ ಜೂನ್ 1ರ ಗಿರಾಕಿ.

ಅಂತೂ ದಾಖಲೆಯ ಪ್ರಕಾರ 2025ರ ಜೂನ್ 1ಕ್ಕೆ ಅವ್ವನಿಗೆ 70. ಹುಬ್ಬಳ್ಳಿಯಿಂದ ಅಕ್ಕ ಮೂರು ದಿನ ಮುಂಚೆಯೇ ವಾಸ್ಕೋಗೆ ಬಂದಿಳಿದಳು. ಮಾಂಗೋರ್ ಹಿಲ್ಲಿನ ನಮ್ಮ ಮನೆಯ ಹೊಸ್ತಿಲು ದಾಟುವ ಮೊದಲೇ ಘೋಷಿಸಿಬಿಟ್ಟಳು: "ಒಂದು ದೊಡ್ಡ ಕಾರ್ಡು ಮಾಡಿಸೋಣು. ಮ್ಯಾಲೆ ನಮ್ಮ ಸಣ್ಣಂದಿನ ಫೋಟೋ. ಯಾವ ಫೋಟೋ ಅಂತ ನಾ ಬಸ್ಸಿನಾಗ ಕುಂತು ಆರಿಸೀನಿ."

ಆರಿಸಿದ್ದು ಯಾವುದೆಂದು ಕೇಳಬೇಕಾಗಿರಲಿಲ್ಲ. ವಾಸ್ಕೋದ ದಾಮೋದರ ಸಪ್ತಾಹದಲ್ಲಿ ತೆಗೆಸಿದ್ದು. ನಾಗಪಂಚಮಿಯ ಮಾರನೇ ದಿನ ಗುಡಿಯಲ್ಲಿ ಇಪ್ಪತ್ನಾಲ್ಕು ತಾಸಿನ ಭಜನೆ ಶುರುವಾದರೆ ಹೊರಗೆ ರಸ್ತೆಗಳ ತುಂಬ ಜಾತ್ರೆ. ಆ ಜಾತ್ರೆಯಲ್ಲಿ ಒಬ್ಬ ರಟ್ಟಿನ ವಿಮಾನ ನಿಲ್ಲಿಸಿಕೊಂಡು ಫೋಟೋ ತೆಗೆಯುತ್ತಿದ್ದ. ಅಕ್ಕ ಪೈಲಟ್ಟಿನ ಜಾಗದಲ್ಲಿ ಕೂತು ಆಕಾಶವನ್ನೇ ಗುತ್ತಿಗೆ ಹಿಡಿದವಳಂತೆ ನಗುತ್ತಿದ್ದಾಳೆ. ಹಿಂದಿನ ಸೀಟಿನಲ್ಲಿ ನಾನಿದ್ದೇನೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಕಾಣುವುದು ಎಣ್ಣೆ ಹಚ್ಚಿದ ಒಂದು ನೆತ್ತಿ ಮತ್ತು ಅಳಲು ತೆರೆದ ಬಾಯಿಯ ಅರ್ಧಭಾಗ.

"ಇದರಾಗ ನಾ ಎಲ್ಲಿದ್ದೀನಿ?" ಎಂದೆ.

"ಪ್ರಯಾಣಿಕ ಅದೀಯಲ್ಲ."

ನಾನು ಆರಿಸಿದ್ದು ಶಾಲೆಯ ಗ್ಯಾದರಿಂಗಿನ ಫೋಟೋ. ನಾನು ಕೃಷ್ಣ. ನವಿಲುಗರಿ, ಅವ್ವನ ಸರ, ಬೆಣ್ಣೆಯ ಜಾಗದಲ್ಲಿ ಹತ್ತಿ ತುಂಬಿದ ಗಡಿಗೆ. ಹಿಂದೆ ಪರದೆ ಎಳೆಯುವ ಹಗ್ಗ ಹಿಡಿದು ನಿಂತ ಮಸುಕು ಆಕೃತಿಯೇ ಅಕ್ಕ. ಅದನ್ನು ಅವಳು ಕೈಯಲ್ಲೂ ಹಿಡಿಯಲಿಲ್ಲ. "ಇದು ಅವ್ವನ ಕಾರ್ಡೋ, ನಿನ್ನ ಸನ್ಮಾನ ಪತ್ರಾನೋ?" ಎಂದಳು.

ಎರಡೂ ಫೋಟೋದಲ್ಲಿ ಅವ್ವ ಇಲ್ಲ ಎಂಬುದು ನಮಗೆ ಹೊಳೆದದ್ದು ಎರಡನೇ ಚಹಾದ ಹೊತ್ತಿಗೆ. ಹೊಳೆಸಿದವಳು ನನ್ನ ಹೆಂಡತಿ, ಬಸಿ ತೊಳೆಯುತ್ತ.

ಮತ್ತೆ ಆಲ್ಬಮ್ ತೆಗೆದೆವು. ಇದು ಒಂದು ಕಾಲಕ್ಕೆ ಬಹಳ ಸುಧಾರಿಸಿದವರ ಮನೆಯಲ್ಲಿ ಇರುತ್ತಿದ್ದ ಅಂಟಿನ ಆಲ್ಬಮ್. ರಟ್ಟಿನ ಹಾಳೆಗೆ ಗೀಟುಗೀಟಾಗಿ ಅಂಟು, ಮೇಲೆ ಪ್ಲಾಸ್ಟಿಕ್ ಪರೆ. ಗೋವಾದಲ್ಲಿ ವರ್ಷಕ್ಕೆ ಹತ್ತಿರಹತ್ತಿರ 3000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನಾಲ್ಕೇ ತಿಂಗಳಲ್ಲಿ. ಚಪ್ಪಲಿಗೆ, ಬೆಲ್ಟಿಗೆ, ಹಪ್ಪಳಕ್ಕೆ ಹತ್ತುವ ಬೂಸಲು ಫೋಟೋ ಬಿಟ್ಟೀತೇ? ಅಂಟು ಕಂದಿ ಹಳದಿಯಾಗಿ ಫೋಟೋದ ಬೆನ್ನನ್ನು ಕಚ್ಚಿ ಹಿಡಿದಿತ್ತು. ಒಂದು ಮೂಲೆ ಹಿಡಿದು ಎಳೆಯಲು ಹೋದ ಅಕ್ಕ ಸೋದರಮಾವನ ಮದುವೆಯಲ್ಲಿ ಮಾವನನ್ನು ಕುತ್ತಿಗೆಯವರೆಗೆ ಸೀಳಿಬಿಟ್ಟಳು. ಎಳೆಯುವುದಲ್ಲ, ಕೊಯ್ಯಬೇಕು: ಹಲ್ಲಿನ ಸಂದಿ ತೆಗೆಯುವ ಮೇಣದ ದಾರವನ್ನು ಎರಡೂ ಕೈಗೆ ಸುತ್ತಿ, ಫೋಟೋದ ಬೆನ್ನಿಗೂ ಹಾಳೆಗೂ ನಡುವೆ ತೂರಿಸಿ, ಇಡ್ಲಿ ಬಿಡಿಸಿದಂತೆ ಮೆಲ್ಲಗೆ ಗರಗಸ ಆಡಿಸಬೇಕು. ಹಾಗೆ ಬಿಡಿಸಿದ ಐದನೆಯದೇ ಆ ಫೋಟೋ.

ರೈಲ್ವೆ ಪ್ಲಾಟ್‌ಫಾರ್ಮು. ಸೊಂಟದ ಮೇಲೆ ಕೂಸನ್ನು ಹೊತ್ತ ಅವ್ವ. ಪಕ್ಕದಲ್ಲಿ ಅಪ್ಪನ ತಗಡಿನ ಟ್ರಂಕು. ಇಡೀ ಚಿತ್ರ ಕುಂಕುಮದ ನೀರಿನಲ್ಲಿ ಅದ್ದಿ ತೆಗೆದಂತೆ ಕೆಂಪಾಗಿತ್ತು. ಆ ಕಾಲದ ಬಣ್ಣದ ಫೋಟೋಗಳು ಕತ್ತಲೆಯಲ್ಲಿ ಮುಚ್ಚಿಟ್ಟರೂ ಹೀಗಾಗುತ್ತವೆ. ಮೂರು ಬಣ್ಣದ ಪದರಗಳಲ್ಲಿ ಆಕಾಶನೀಲಿಯದು ಎಲ್ಲಕ್ಕಿಂತ ಮೊದಲು ಸಾಯುತ್ತದೆ, ಉಳಿದೆರಡು ಸೇರಿ ಮನುಷ್ಯರನ್ನು ಟೊಮೆಟೊ ಮಾಡುತ್ತವೆ.

"ಇದೇ!" ಎಂದೆವು ಇಬ್ಬರೂ. ಒಪ್ಪಂದವಾಯಿತಲ್ಲ ಎಂದು ಹೆಂಡತಿ ಒಲೆಯ ಕಡೆ ತಿರುಗಿದಳು. ಅಷ್ಟರಲ್ಲಿ ಅಕ್ಕ ಕೂಸಿನ ಮೇಲೆ ಬೆರಳಿಟ್ಟು, "ಎಷ್ಟು ಚಂದ ಇದ್ದೆ ನೋಡು ನಾ" ಎಂದಳು.

"ನೀ ಅಲ್ಲ, ನಾ!"

"ಜುಟ್ಟು ಐತಿ. ರಿಬ್ಬನ್ ಐತಿ. ಫ್ರಾಕ್ ಐತಿ. ನೀ ಯಾವಾಗ ಫ್ರಾಕ್ ಹಾಕ್ಕೊಂಡಿದ್ದಿ?"

ಹಾಕಿಕೊಂಡಿದ್ದೆ. ನನ್ನ ಜವಳ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲೇ ಎಂದು ಅಜ್ಜಿ ಹರಕೆ ಹೊತ್ತಿದ್ದಳು. ಅಪ್ಪನಿಗೆ ಬಂದರಿನಲ್ಲಿ ರಜೆ ಸಿಗುವವರೆಗೆ ನನ್ನ ತಲೆಗೆ ಕತ್ತರಿ ತಾಗಿರಲಿಲ್ಲ. ಕೂದಲು ಕಣ್ಣಿಗೆ ಬೀಳುತ್ತದೆಂದು ಜುಟ್ಟು, ಜುಟ್ಟಿದೆ ಎಂದು ರಿಬ್ಬನ್, ಅಕ್ಕನ ಹಳೆಯವು ಮನೆಯಲ್ಲಿ ಬಿದ್ದಿವೆ ಎಂದು ಫ್ರಾಕು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಲವತ್ಮೂರು ವರ್ಷದ ಗಂಡಸು, ಎದುರಿಗೆ ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗ ಇರುವಾಗ, ಫ್ರಾಕಿನ ಹಕ್ಕಿಗಾಗಿ ಎಷ್ಟು ಗಟ್ಟಿಯಾಗಿ ವಾದಿಸಬಹುದು?

"ನೀ ಆಗಿದ್ದರ ನಾ ಎಲ್ಲಿ?" ಎಂದು ಅಕ್ಕ ಪಟ್ಟು ಹಾಕಿದಳು. "ನಿನಗ ಎರಡು ವರ್ಷ ಅಂದ್ರ ನನಗ ಐದು. ಐದು ವರ್ಷದ ಮಗಳನ್ನ ಬಿಟ್ಟು ಹೋಗಿದ್ರೇನು? ನೀ ಹುಟ್ಟೇ ಇಲ್ಲ ಆವಾಗ."

ಹುಟ್ಟೇ ಇಲ್ಲ ಎಂದು ಮುಖದ ಮೇಲೆ ಹೇಳಿಸಿಕೊಳ್ಳುವುದು ಸಣ್ಣ ಅವಮಾನವಲ್ಲ. ಅಷ್ಟರಲ್ಲಿ ಅವಳಿಗೇ ಇನ್ನೊಂದು ಕಂಡಿತು. "ಅಲ್ಲೋ, ಅವ್ವನ ಸೆರಗು ಬಲಗಡೆ ಐತಲ್ಲ! ಯಾವಾಗ ಗುಜರಾತಿ ಆಗಿದ್ದಳು?"

ನಿಜ. ಸೆರಗು ಬಲ ಹೆಗಲ ಮೇಲಿತ್ತು. ಕೂಸು ಬಲ ಸೊಂಟದಲ್ಲಿತ್ತು. ಅವ್ವ ಇಂದಿಗೂ ಮೊಮ್ಮಕ್ಕಳನ್ನಾಗಲಿ ಕೊಡವನ್ನಾಗಲಿ ಎಡ ಸೊಂಟಕ್ಕೇ ಇಡುವವಳು. ಟ್ರಂಕಿನ ಮೇಲೆ ಅಪ್ಪ ಬಿಳಿ ಬಣ್ಣದಲ್ಲಿ ಬರೆಸಿದ್ದ ಹೆಸರು ಆ ಕೆಂಪಿನಲ್ಲಿ ಅಳಿಸಿದಂತಾಗಿ, ಉಳಿದ ಎರಡು ಅಕ್ಷರ ಯಾವ ಭಾಷೆಗೂ ಸೇರದಂತಿದ್ದವು. ಅಕ್ಕ ಅದನ್ನು ಪೋರ್ಚುಗೀಸ್ ಎಂದಳು. ನಾನು ಅದನ್ನು ಹಿಡಿದುಕೊಂಡು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತೆ. ಕನ್ನಡಿಯೊಳಗೆ ಅವು ಶುದ್ಧ ಕನ್ನಡವಾದವು. ಫೋಟೋ ಉಲ್ಟಾ ಪ್ರಿಂಟಾಗಿತ್ತು! ನಲವತ್ತು ವರ್ಷ ನಾವು ಅವ್ವನನ್ನು ಕನ್ನಡಿಯ ಒಳಗಿನಿಂದ ನೋಡುತ್ತ ಬಂದಿದ್ದೆವು.

ಉಲ್ಟಾ ಆಗುವುದು ಸುಲಭ. ನೆಗೆಟಿವ್‌ಗೆ ಒಂದು ಹೊಳಪು ಮೈ, ಒಂದು ಮಂಕು ಮೈ. ಯಂತ್ರಕ್ಕೆ ಮಗ್ಗುಲು ಬದಲಿಸಿ ತೂರಿಸಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಸರಿಯಾದ ಮಗ್ಗುಲು ತಿಳಿಯಲು ಅಂಚಿನಲ್ಲಿ ಅಚ್ಚಾದ ಸಣ್ಣ ಅಕ್ಷರ, ಅಂಕಿಗಳನ್ನು ನೋಡಬೇಕು. ಹೊಳಪು ಮೈ ನಮ್ಮ ಕಡೆಗಿದ್ದರೆ ಅವು ನೆಟ್ಟಗೆ ಓದಿಸಿಕೊಳ್ಳುತ್ತವೆ. ಅಪ್ಪ ರೇಷನ್ ಕಾರ್ಡಿನಿಂದ ಹಿಡಿದು ಸತ್ತ ಗಡಿಯಾರದ ಗ್ಯಾರಂಟಿ ಚೀಟಿಯವರೆಗೆ ಎಲ್ಲವನ್ನೂ ಕಾದಿಟ್ಟವನು. ಬಿಸ್ಕತ್ತಿನ ಡಬ್ಬಿಯಲ್ಲಿ ನೆಗೆಟಿವ್‌ಗಳೂ ಇದ್ದವು. ಲಕೋಟೆಯ ಮೇಲೆ ಅವನ ಗುಂಡು ಅಕ್ಷರ: "ಊರಿಗೆ ಹೋದದ್ದು, ಕುಳೆಂ, ತಾರ್ವಟಿ ಕ್ಯಾಮೆರಾ."

ತಾರ್ವಟಿ ಎಂದರೆ ಗೋವಾದಲ್ಲಿ ಹಡಗಿನ ಕೆಲಸಗಾರ. ಪಕ್ಕದ ಮನೆಯ ತಾರ್ವಟಿ ಒಂದು ಯಾಶಿಕಾ ಕ್ಯಾಮೆರಾ ತಂದಿದ್ದ, ಅಪ್ಪ ಊರಿಗೆ ಹೋಗುವಾಗ ಅದನ್ನು ಕಡ ತಂದಿದ್ದ. ಕುಳೆಂ ಯಾಕೆಂದರೆ, ಆಗಿನ ಮೀಟರ್‌ಗೇಜ್ ರೈಲು ಅಲ್ಲಿಂದ ಮುಂದೆ ದೂಧಸಾಗರದ ಘಾಟು ಹತ್ತಬೇಕು. 37 ಅಡಿ ಹೋದರೆ ಒಂದು ಅಡಿ ಏರು. ಒಂದೇ ಇಂಜಿನ್ನಿನಿಂದ ಆಗುವ ಮಾತಲ್ಲ. ದೂಡಲು ಬೇರೆ ಇಂಜಿನ್ ಕಟ್ಟುವವರೆಗೆ ಗಾಡಿ ನಿಲ್ಲುತ್ತಿತ್ತು. ಜನ ಇಳಿದು ಚಹಾ ಕುಡಿದು, ಮಕ್ಕಳಿಗೆ ಉಚ್ಚೆ ಹೊಯ್ಯಿಸಿ, ಕ್ಯಾಮೆರಾ ಇದ್ದವರು ಫೋಟೋ ತೆಗೆಯುತ್ತಿದ್ದರು. 90ರ ದಶಕದಲ್ಲಿ ಆ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದರು.

ನೆಗೆಟಿವ್ ಎತ್ತಿಕೊಂಡು ಇಬ್ಬರೂ ಸ್ಟುಡಿಯೋಗೆ ಓಡಿದೆವು. ಅಂಗಡಿಯವ "ಕಿತೆಂ ಪಾತ್ರಾಂವ್?" ಎನ್ನುತ್ತ ಇಬ್ಬರ ಮುಖ ನೋಡಿದವನೇ ಆಸ್ತಿ ಪತ್ರದ ಜೆರಾಕ್ಸಿಗೆ ಬಂದಿದ್ದಾರೆಂದು ತಿಳಿದ. ನೆಗೆಟಿವ್ ಅಂಗೈ ಮೇಲಿಟ್ಟಾಗ ಮೆತ್ತಗಾದ. ಕೆಂಪಾದ ಪ್ರಿಂಟನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದರೆ ಬೂಸಲೂ ದೊಡ್ಡದಾಗುತ್ತದೆ, ನೆಗೆಟಿವ್‌ನಿಂದಲೇ ಮಾಡೋಣ ಎಂದ. ಮೂರೂವರೆ ಸೆಂಟಿಮೀಟರಿನ ಚಿತ್ರವನ್ನು ಎಂಟು ಇಂಚಿಗೆ ಹಿಗ್ಗಿಸಬೇಕಲ್ಲ, 2400 ಡಿಪಿಐಗೆ ಇಟ್ಟ. ಬ್ರಷ್ಷಿನಿಂದ ಧೂಳು ಒರೆಸಿ ಮುಚ್ಚಳ ಹಾಕಿದ. ಪರದೆಯ ಮೇಲೆ ಮೇಲಿಂದ ಕೆಳಗೆ ಚಿತ್ರ ಇಳಿಯತೊಡಗಿತು.

ಮೊದಲು ಹಂಚಿನ ಮಾಡು. ಆಮೇಲೆ ಅವ್ವನ ಮುಖ, ಈಗಿನ ನನಗಿಂತ ಎಷ್ಟೋ ಚಿಕ್ಕವಳು. ಸೆರಗು ಎಡಕ್ಕೆ ಬಂತು. ಸೀರೆ ಹಸಿರು! ನಾವು ಅದನ್ನು ಕಂದು ಎಂದುಕೊಂಡಿದ್ದೆವು. ಟ್ರಂಕಿನ ಮೇಲೆ ಅಪ್ಪನ ಹೆಸರು, ಕೆಳಗೆ ಊರು, ತಾಲ್ಲೂಕು, ಜಿಲ್ಲೆ. ಟ್ರಂಕಿನ ಆಚೆ, ಚಿತ್ರದ ತುತ್ತತುದಿಯಲ್ಲಿ, ಹಿಡಿಕೆಯನ್ನು ಬಿಗಿಯಾಗಿ ಹಿಡಿದ ನಾಲ್ಕು ಪುಟ್ಟ ಬೆರಳು, ಮಣಿಕಟ್ಟಿನಲ್ಲಿ ಎರಡು ಗಾಜಿನ ಬಳೆ.

ಪ್ರಿಂಟಿನಲ್ಲಿ ಈ ಕೈ ಇರಲಿಲ್ಲ. ನೆಗೆಟಿವ್ ಉದ್ದ, ಆಗಿನ ಪ್ರಿಂಟಿನ ಕಾಗದ ಅದಕ್ಕಿಂತ ಗಿಡ್ಡ. ಎರಡೂ ತುದಿಯಲ್ಲಿ ಒಂದೊಂದು ಚೂರು ಕಾಗದದ ಆಚೆ ಬೀಳುತ್ತಿತ್ತು. ಅಕ್ಕ ಬಿದ್ದುಹೋದದ್ದು ಆ ಚೂರಿನಲ್ಲಿ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಟ್ರಂಕು ಕಾಯಾಕ ನಿಲ್ಲಿಸಿದ್ರು ನನ್ನ" ಎಂದಳು. "ನೀ ರಾಜಕುಮಾರನಂಗ ಟೊಂಕದ ಮ್ಯಾಲೆ. ನಾ ಹಮಾಲಿ."

"ಹಂಗಾರ ಫ್ರಾಕ್ ಹಾಕ್ಕೊಂಡಾಂವ ನಾನ ಅಂತ ಒಪ್ಪಿದೆಲ್ಲ?"

"ಒಪ್ಪೀನಿ. ದೊಡ್ಡದು ಮಾಡಿಸು, ಎಲ್ಲಾರಿಗೂ ಕಾಣ್ಲಿ."

ಆಮೇಲೆ ಅಂಗಡಿಯವ ಎಷ್ಟು ಹೇಳಿದರೂ ಅಕ್ಕ ಅಂಚು ಕತ್ತರಿಸಲು ಬಿಡಲಿಲ್ಲ. ಕಾರ್ಡಿನ ಅಳತೆಯನ್ನೇ ಬದಲಿಸಿದೆವು. ಉದ್ದುದ್ದ ಕಾರ್ಡು, ಲಗ್ನಪತ್ರಿಕೆಗಿಂತ ಉದ್ದ.

ಜೂನ್ 1ರ ಬೆಳಿಗ್ಗೆ ಹೋಳಿಗೆಯ ಜೊತೆ ಕಾರ್ಡನ್ನು ಅವ್ವನ ಕೈಗಿಟ್ಟೆವು. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ನಾವಿಬ್ಬರೂ ಉಸಿರು ಹಿಡಿದು ನಿಂತಿದ್ದೆವು.

"ಟೊಂಕದ ಮ್ಯಾಲೆ ಯಾರು ಹೇಳವಾ" ಎಂದಳು ಅಕ್ಕ.

"ನಿಮ್ಮಿಬ್ಬರಾಗ ಒಬ್ಬರು. ಭಾಳ ಭಾರ ಇತ್ತು ಅದು" ಎಂದ ಅವ್ವನ ಬೆರಳು ನನ್ನ ಜುಟ್ಟನ್ನು ದಾಟಿ, ಅಕ್ಕನ ಬಳೆಗಳನ್ನು ತಲುಪುವ ಮೊದಲೇ ನಿಂತಿತು. "ಈ ಟ್ರಂಕು! ಎಂಬತ್ತಾರರಾಗ ನಿಮ್ಮ ಚಿಗವ್ವ ನಾಕು ದಿನಕ್ಕ ಅಂತ ಒಯ್ದಾಕಿ. ಕೇಳಿದ್ರ, ಹಂತಾ ಟ್ರಂಕೇ ಇರಲಿಲ್ಲ ಅಂತಾಳ. ಹೆಸರು ನೋಡು ಹೆಂಗ ಎದ್ದು ಕಾಣ್ತೈತಿ!"

ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ಅವ್ವ ಗದಗಿನ ಚಿಗವ್ವನಿಗೆ ಫೋನ್ ಹಚ್ಚಿಸಿ, "ಏನವಾ, ಆರಾಮ ಅದೀ?" ಎಂದು ಬಹಳ ಮೆತ್ತಗೆ ಶುರುಮಾಡಿದಳು. ನಡುವೆ ಫೋನಿಗೆ ಕೈ ಅಡ್ಡ ಹಿಡಿದು ನನಗೆ ಅಪ್ಪಣೆಯಾಯಿತು: "ಆ ಕಾರ್ಡಿನ ಫೋಟೋ ತಗದು ಆಕಿ ಮೊಬೈಲಿಗೆ ಹಾಕು. ಟ್ರಂಕು ಅಷ್ಟ ಸಾಕು."

ನಾನು ಮೊಬೈಲು ಹಿಡಿದು ಕಾರ್ಡಿನ ಮೇಲೆ ಬಗ್ಗಿದೆ. ಹಿಂದಿನಿಂದ ಅಕ್ಕ ನನ್ನ ಮೊಣಕೈಯನ್ನು ಎಡಕ್ಕೆ ದೂಡಿದಳು.

"ಕೈ ಬರಬೇಕು ನೋಡ್ ಮತ್ತ."